5 ನಿಮಿಷದ ಕ್ಲಾಸ್ ಪ್ರೆಸೆಂಟೇಶನ್: 2022ರಲ್ಲಿ ಶ್ರೀಲಂಕಾ ರೂಪಾಯಿ ಯಾಕೆ ಬಿತ್ತು? ಸ್ಕ್ರಿಪ್ಟ್ ನೋಡಿ ಹೇಳಿ

ಮಂಜಿನ_ಹುಡುಗಿ, ಮಡಿಕೇರಿ
ಎಲ್ಲರಿಗೂ ನಮಸ್ಕಾರ. ನಾನು ಬಿಕಾಂ ಎರಡನೇ ವರ್ಷ. ಸೋಮವಾರ ಕ್ಲಾಸಿನಲ್ಲಿ 5 ನಿಮಿಷ ಮಾತಾಡಬೇಕು. ವಿಷಯ: ಬಡ ದೇಶವೊಂದರ ಕರೆನ್ಸಿ ಬಿಕ್ಕಟ್ಟಿಗೆ ಕಾರಣಗಳು. ನಾನು ಶ್ರೀಲಂಕಾ ತೆಗೆದುಕೊಂಡೆ. ಬರೆದಿರೋದು ಇಷ್ಟು:

"ಶ್ರೀಲಂಕಾ ಚೀನಾದಿಂದ ವಿಪರೀತ ಸಾಲ ಮಾಡಿತು. ಆಮೇಲೆ ರಾಸಾಯನಿಕ ಗೊಬ್ಬರ ನಿಷೇಧಿಸಿತು, ಬೆಳೆ ಹೋಯಿತು. ಕೊರೋನಾದಿಂದ ಪ್ರವಾಸಿಗರು ಬರಲಿಲ್ಲ. ಹೀಗಾಗಿ 2022ರಲ್ಲಿ ಅವರ ರೂಪಾಯಿ ಡಾಲರಿಗೆ 200ರಿಂದ 360ಕ್ಕೆ ಬಿತ್ತು."

ಇದನ್ನು ಓದಿದರೆ ಒಂದು ನಿಮಿಷಕ್ಕೆ ಮುಗಿಯುತ್ತೆ. ಇನ್ನೂ 4 ನಿಮಿಷ ಏನು ಹೇಳಲಿ? ಇನ್ನಷ್ಟು ಕಾರಣ ಸೇರಿಸಬೇಕಾ?

ಕಣದ_ಕಾವಲು, ಸೋಮವಾರಪೇಟೆ
ಕರೆನ್ಸಿ ಬಿಕ್ಕಟ್ಟು ಅಂದಕೂಡಲೇ ನಾನು ಮೊಬೈಲ್ ಕರೆನ್ಸಿ ಅಂದುಕೊಂಡೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆನ್ಸಿ ಇರುತ್ತೆ, ನೆಟ್‌ವರ್ಕ್ ಇರೋದಿಲ್ಲ.

ಅಂಗಡಿ_ಅಣ್ಣ, ಕುಶಾಲನಗರ
ನೋಟು ರದ್ದಾದಾಗ ಆದದ್ದೇ ಅಲ್ವಾ ಕರೆನ್ಸಿ ಬಿಕ್ಕಟ್ಟು? 2016ರ ನವೆಂಬರಿನಲ್ಲಿ ನಮ್ಮ ಅಂಗಡಿಗೆ ಬಂದವರೆಲ್ಲ 2000ದ ನೋಟು ಹಿಡಿದು ನಿಲ್ಲುತ್ತಿದ್ದರು, ನನ್ನ ಹತ್ತಿರ ಚಿಲ್ಲರೆ ಇಲ್ಲ. ಅದನ್ನೇ ಬರಿಯಮ್ಮ, ನೀನೇ ಕಣ್ಣಾರೆ ನೋಡಿದ್ದು.

ಹಳೇ_ಫಾರೆಕ್ಸ್, ವಿರಾಜಪೇಟೆ
ಅಣ್ಣಾ, ಅದು ನೋಟಿನ ಕೊರತೆ. ಇಲ್ಲಿ ಕೇಳ್ತಿರೋದು ಡಾಲರಿನ ಕೊರತೆ. ನಮ್ಮ ನೋಟನ್ನು ನಾವೇ ಅಚ್ಚು ಹಾಕಬಹುದು. ಡಾಲರ್ ಅಚ್ಚು ಹಾಕೋಕೆ ಆಗಲ್ಲ. ಅದನ್ನು ದುಡಿಯಬೇಕು, ಇಲ್ಲ ಸಾಲ ತರಬೇಕು.

ಮಗಳೇ, ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಬಹಳ ವರ್ಷ ಕೂತಿದ್ದವನು. ಇನ್ನಷ್ಟು ಕಾರಣ ಸೇರಿಸಬೇಡ. ನೀನು ಹೇಳಿದ ಮೂರೂ ನಿಜ, ಆದರೆ ಆ ಮೂರರಿಂದ ರೂಪಾಯಿ ಯಾಕೆ ಮೆಲ್ಲಗೆ ಇಳಿಯಲಿಲ್ಲ, ಎರಡು ತಿಂಗಳಲ್ಲಿ ಯಾಕೆ ಕುಸಿಯಿತು ಅನ್ನೋದು ಗೊತ್ತಾಗಲ್ಲ. ಒಂದು ಪ್ರಶ್ನೆ ಕೇಳ್ತೀನಿ. 2021ರ ಸೆಪ್ಟೆಂಬರಿನಿಂದ 2022ರ ಮಾರ್ಚ್ ಮೊದಲ ವಾರದವರೆಗೆ ಬ್ಯಾಂಕಿನಲ್ಲಿ ಡಾಲರ್ ದರ 200ರಿಂದ 203ರ ಒಳಗೇ ನಿಂತಿತ್ತು. ಗೊಬ್ಬರ ನಿಷೇಧ, ಕೊರೋನಾ, ಸಾಲ ಎಲ್ಲ ಆಗ ಇದ್ದೇ ಇತ್ತು. ಹಾಗಾದರೆ ದರ ಯಾಕೆ ಅಲ್ಲಾಡಲಿಲ್ಲ?

ಮಂಜಿನ_ಹುಡುಗಿ
ಸರ್, ಸೆಂಟ್ರಲ್ ಬ್ಯಾಂಕ್ ಹಿಡಿದುಕೊಂಡಿತ್ತು ಅಂತಾನಾ?

ಹಳೇ_ಫಾರೆಕ್ಸ್
ಅದೇ. ನಿನ್ನ 4 ನಿಮಿಷ ಅಲ್ಲಿದೆ. ಊಟ ಮಾಡಿ ಬಂದು ಬರೀತೀನಿ.

ರೋಬಸ್ಟಾ_67, ಗೋಣಿಕೊಪ್ಪ
ಸುಮ್ನೆ ಸುತ್ತಿ ಬಳಸಿ ಯಾಕೆ? ಚೀನಾ. ಬಂದರು ಕಟ್ಟಿಸಿ ಕೊಟ್ಟರು, ಸಾಲ ಕಟ್ಟಲಾಗಲಿಲ್ಲ, ಬಂದರನ್ನೇ 99 ವರ್ಷಕ್ಕೆ ಬರೆಸಿಕೊಂಡರು. ಲೇವಾದೇವಿ ಮಾಡೋನು ತೋಟ ಬರೆಸಿಕೊಂಡ ಹಾಗೆ. ಕಥೆ ಮುಗೀತು.

ಪೇಪರ್_ಹುಳ, ಮಡಿಕೇರಿ
ಅರ್ಧ ಸರಿ ಅಣ್ಣ. ಹಂಬನ್‌ತೋಟ ಬಂದರು 2017ರಲ್ಲಿ 99 ವರ್ಷದ ಗುತ್ತಿಗೆಗೆ ಹೋದದ್ದು ನಿಜ. ಆದರೆ ಅದರಿಂದ ಚೀನಾ ಸಾಲ ಮನ್ನಾ ಆಗಲಿಲ್ಲ. ಗುತ್ತಿಗೆಯಿಂದ ಬಂದ ಸುಮಾರು 112 ಕೋಟಿ ಡಾಲರ್ ದೇಶದ ಡಾಲರ್ ನಿಧಿಗೆ ಹೋಯಿತು, ಬೇರೆ ಸಾಲಗಳನ್ನು ಕಟ್ಟೋಕೆ ಅನುಕೂಲ ಆಯಿತು. ಅಂದರೆ ತೋಟ ಮಾರಿ ಬೇರೆಯವರ ಬಡ್ಡಿ ಕಟ್ಟಿದ ಹಾಗೆ.

ಇನ್ನು ದೊಡ್ಡ ಸಾಲ ಕೊಟ್ಟದ್ದು ಚೀನಾ ಒಂದೇ ಅಲ್ಲ. ಸರ್ಕಾರದ ವಿದೇಶಿ ಸಾಲದಲ್ಲಿ ಚೀನಾ ಪಾಲು ನೂರಕ್ಕೆ ಹತ್ತರ ಆಸುಪಾಸು, ಸರ್ಕಾರಿ ಕಂಪನಿಗಳ ಸಾಲವನ್ನೂ ಕೂಡಿಸಿದರೆ ಇಪ್ಪತ್ತರ ಹತ್ತಿರ. ಅದಕ್ಕಿಂತ ಜಾಸ್ತಿ ಇದ್ದದ್ದು ಡಾಲರ್ ಬಾಂಡ್‌ಗಳು, ಅಂದರೆ ಡಾಲರಿನಲ್ಲೇ ತೀರಿಸಬೇಕಾದ ಸಾಲಪತ್ರಗಳು. ಹೊರದೇಶದ ಫಂಡ್‌ಗಳು ಕೊಂಡಿದ್ದು. ಅದಕ್ಕೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ, ಗಡುವು ಬಂದ ದಿನ ಪೂರ್ತಿ ಅಸಲು ಒಟ್ಟಿಗೇ ಕೊಡಬೇಕು. ಸಾಮಾನ್ಯವಾಗಿ ಹೊಸ ಬಾಂಡ್ ಮಾರಿ ಹಳೇದನ್ನು ತೀರಿಸ್ತಾರೆ. ಸಾಲ ತೀರಿಸೋ ಶಕ್ತಿಗೆ ಅಂಕ ಕೊಡೋ ರೇಟಿಂಗ್ ಕಂಪನಿಗಳು ಶ್ರೀಲಂಕಾದ ಅಂಕ ಇಳಿಸುತ್ತಾ ಬಂದ ಮೇಲೆ, 2020ರಿಂದ ಶ್ರೀಲಂಕಾದ ಹೊಸ ಬಾಂಡ್ ಕೊಳ್ಳುವವರೇ ಇರಲಿಲ್ಲ.

ರೋಬಸ್ಟಾ_67
ಚೀನಾ ಪಾಪ ಅಂತೀರಾ ಹಾಗಾದ್ರೆ?

ಪೇಪರ್_ಹುಳ
ಪಾಪ ಅಂತ ಯಾರು ಹೇಳಿದ್ರು ಮಾರಾಯ್ರೇ. ಅವಳ ಸ್ಕ್ರಿಪ್ಟಿನಲ್ಲಿ ಮೊದಲ ಸಾಲೇ ಅದು, ಅದು ಮೊದಲ ಸಾಲಾಗಬಾರದು ಅಂದೆ ಅಷ್ಟೇ.

ಮೆಣಸಿನ_ಬಳ್ಳಿ, ಪೊನ್ನಂಪೇಟೆ
ಶ್ರೀಲಂಕಾ ಮಾತು ಬಂತಲ್ಲ, ಅಲ್ಲಿನ ಕಾಳುಮೆಣಸಿನ ಬಗ್ಗೆ ಯಾರೂ ಮಾತಾಡಲ್ವಾ? ಅವರ ರೂಪಾಯಿ ಬಿದ್ದರೆ ಅವರ ಮೆಣಸು ಅಗ್ಗ, ನಮ್ಮ ಬಳ್ಳಿಗೆ ಪೆಟ್ಟು. 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಅಂತ ನಮ್ಮ ಸರ್ಕಾರ ಮಾಡಿತು. ಆದರೂ ನಮಗೆ ಸಿಕ್ಕಿದ ರೇಟು ಎಷ್ಟು ಅಂತ ಕೇಳಬೇಡಿ.

ಹಳೇ_ಫಾರೆಕ್ಸ್
ಮೆಣಸಿನ ಬಳ್ಳಿಯವರೇ, ನಿಮ್ಮದು ಬೇರೆ ಎಳೆ ಶುರು ಮಾಡಿ, ನಾನೂ ಬರ್ತೀನಿ.

ಈಗ ಮಗಳಿಗೆ. 203ರ ಕಥೆ ಹೇಳ್ತೀನಿ. ಒಂದು ದರವನ್ನು ಹಿಡಿದು ನಿಲ್ಲಿಸೋದು ಅಂದರೆ ಬಾಯಲ್ಲಿ ಹೇಳೋದಲ್ಲ. ಆ ದರಕ್ಕೆ ಡಾಲರ್ ಕೇಳಿದವನಿಗೆ ಯಾರೋ ಕೊಡಲೇಬೇಕು. ಕೊನೆಗೆ ಅದು ಸೆಂಟ್ರಲ್ ಬ್ಯಾಂಕಿನ ಪೆಟ್ಟಿಗೆಯಿಂದಲೇ ಹೋಗೋದು. 2019ರ ಕೊನೆಗೆ ಆ ಪೆಟ್ಟಿಗೆಯಲ್ಲಿ ಸುಮಾರು 760 ಕೋಟಿ ಡಾಲರ್ ಇತ್ತು. 2021ರ ನವೆಂಬರ್ ಕೊನೆಗೆ ಸುಮಾರು 160 ಕೋಟಿ. ಆಗ ಅವರ ಒಂದು ತಿಂಗಳ ಆಮದಿನ ಖರ್ಚೇ 170 ಕೋಟಿಯ ಆಸುಪಾಸು. ಅಂದರೆ ಒಂದು ತಿಂಗಳಿಗೂ ಸಾಲದು.

ಈಗ ತಮಾಷೆ ನೋಡು. 2021ರ ಡಿಸೆಂಬರ್ ಕೊನೆಗೆ ಅದೇ ಲೆಕ್ಕ 310 ಕೋಟಿ ತೋರಿಸಿತು. ಒಂದೇ ತಿಂಗಳಲ್ಲಿ ಹತ್ತಿರ ಹತ್ತಿರ ದುಪ್ಪಟ್ಟು! ಎಲ್ಲಿಂದ ಬಂತು?

ಪೇಪರ್_ಹುಳ
ಚೀನಾದ ಸ್ವಾಪ್.

ರೋಬಸ್ಟಾ_67
ನೋಡಿದ್ರಾ, ನಾನು ಹೇಳಿಲ್ವಾ!

ಹಳೇ_ಫಾರೆಕ್ಸ್
ಹೌದು, ಸ್ವಾಪ್ ಅಂದರೆ ಎರಡು ದೇಶದ ಸೆಂಟ್ರಲ್ ಬ್ಯಾಂಕ್‌ಗಳು ತಮ್ಮ ತಮ್ಮ ದುಡ್ಡು ಅದಲು ಬದಲು ಮಾಡಿಕೊಳ್ಳೋದು. ಇದು ಚೀನಾದ ಸೆಂಟ್ರಲ್ ಬ್ಯಾಂಕಿನ ಜೊತೆ 1000 ಕೋಟಿ ಯುವಾನ್ ಒಪ್ಪಂದ. ಡಾಲರಿಗೆ ತಿರುಗಿಸಿದರೆ ಸುಮಾರು 150 ಕೋಟಿ. ಲೆಕ್ಕದ ಪುಸ್ತಕದಲ್ಲಿ ಸೇರಿಸಬಹುದು. ಆದರೆ ಅದನ್ನು ಮುಟ್ಟಬೇಕಾದರೆ ದೇಶದ ಹತ್ತಿರ ಮೂರು ತಿಂಗಳ ಆಮದಿಗೆ ಸಾಕಾಗುವಷ್ಟು ನಿಧಿ ಇರಬೇಕು ಅನ್ನೋ ಷರತ್ತು ಇತ್ತು. ಅಷ್ಟು ಇದ್ದಿದ್ದರೆ ಮುಟ್ಟೋ ಅಗತ್ಯವೇ ಬರ್ತಿರಲಿಲ್ಲ, ಅಲ್ವಾ?

ಹಾಗಾಗಿ 2022ರ ಮಾರ್ಚ್ ಕೊನೆಗೆ 190 ಕೋಟಿ ಅಂತ ಇದ್ದದ್ದರಲ್ಲಿ ಸ್ವಾಪ್ ಕಳೆದರೆ ಉಳಿದದ್ದು 40 ಕೋಟಿ. ಮೇ ತಿಂಗಳಿಗೆ ಅವರ ಹಣಕಾಸು ಸಚಿವರೇ ಬಳಸಬಹುದಾದ ಡಾಲರ್ 5 ಕೋಟಿಯೂ ಇಲ್ಲ ಅಂದರು. ಕ್ಲಾಸಿನಲ್ಲಿ ಇದನ್ನು ಹೇಳು. ಬಿಕ್ಕಟ್ಟು ಬರ್ತಿದೆಯಾ ಅಂತ ನೋಡೋಕೆ ನಿಧಿ ಎಷ್ಟು ಅಂತ ಕೇಳಿದರೆ ಸಾಲದು, ಅದರಲ್ಲಿ ನಾಳೆ ಬೆಳಗ್ಗೆ ಖರ್ಚು ಮಾಡಬಹುದಾದದ್ದು ಎಷ್ಟು ಅಂತ ಕೇಳಬೇಕು.

ಮಂಜಿನ_ಹುಡುಗಿ
ಸರ್ ಇದು ಚೆನ್ನಾಗಿದೆ. ಆದರೆ 760 ಕೋಟಿ ಎಲ್ಲಿ ಹೋಯಿತು? ಬರೀ ಸಾಲ ಕಟ್ಟಿದ್ದಕ್ಕಾ?

ದುಬೈ_ಕೊಡಗು
ಇಲ್ಲಿ ನನ್ನ ಅನುಭವ ಹೇಳ್ತೀನಿ. ನಾನು ನಾಪೋಕ್ಲು ಕಡೆಯವನು, ದುಬೈನಲ್ಲಿ ಗೋದಾಮಿನಲ್ಲಿ ಕೆಲಸ. ನಮ್ಮ ರೂಮಿನಲ್ಲಿ ಇಬ್ಬರು ಶ್ರೀಲಂಕಾದವರು ಇದ್ದರು. 2021ರ ಕೊನೆಯಲ್ಲಿ ಅವರು ಎಕ್ಸ್‌ಚೇಂಜಿಗೆ ಹೋಗೋದನ್ನೇ ಬಿಟ್ಟರು. ಅವರು 'ಉಂಡಿಯಲ್' ಅಂತಾರೆ, ನಮ್ಮ ಹುಂಡಿ ಇದ್ದ ಹಾಗೆ. ಇಲ್ಲಿ ಒಬ್ಬನ ಕೈಗೆ ದಿರ್ಹಮ್ ಕೊಟ್ಟರೆ ಸಂಜೆಗೆ ಅವರ ಮನೆಯಲ್ಲಿ ರೂಪಾಯಿ.

ಯಾಕೆ ಅಂದರೆ ಲೆಕ್ಕ ನೋಡಿ. 500 ಡಾಲರ್ ಕಳಿಸಿದರೆ ಬ್ಯಾಂಕಿನಲ್ಲಿ 203ರ ದರಕ್ಕೆ 1,01,500 ರೂಪಾಯಿ. ಉಂಡಿಯಲ್‌ನವನು 245 ಕೊಡ್ತಿದ್ದ, 1,22,500. ತಿಂಗಳಿಗೆ 21,000 ವ್ಯತ್ಯಾಸ. ಆ ಡಿಸೆಂಬರಿನಲ್ಲಿ ಸರ್ಕಾರ ಬ್ಯಾಂಕಿನಲ್ಲಿ ಕಳಿಸಿದವರಿಗೆ ಡಾಲರಿಗೆ 10 ರೂಪಾಯಿ ಜಾಸ್ತಿ ಕೊಡ್ತೀವಿ ಅಂತು. ಆದರೂ 16,000 ಕಮ್ಮಿ. ನನ್ನ ರೂಮಿನವನು ನಕ್ಕ. ದೇಶಪ್ರೇಮಕ್ಕೆ ತಿಂಗಳಿಗೆ 16,000 ಯಾರು ಕೊಡ್ತಾರೆ ಅಂದ.

ಹಳೇ_ಫಾರೆಕ್ಸ್
ಇದಕ್ಕಿಂತ ಒಳ್ಳೆ ಪಾಠ ನಾನು ಹೇಳೋಕಾಗಲ್ಲ. ಮಗಳೇ, ಈ 500 ಡಾಲರಿನ ಲೆಕ್ಕವನ್ನು ಹಾಗೇ ಬೋರ್ಡಿನ ಮೇಲೆ ಬರಿ. 2020ರಲ್ಲಿ ಹೊರಗೆ ದುಡಿಯುವವರು ಬ್ಯಾಂಕ್ ಮೂಲಕ ಕಳಿಸಿದ್ದು ಸುಮಾರು 710 ಕೋಟಿ ಡಾಲರ್. 2021ರಲ್ಲಿ ಸುಮಾರು 550 ಕೋಟಿ. ಕೊರೋನಾದಲ್ಲಿ ಕೆಲಸ ಬಿಟ್ಟು ವಾಪಸ್ ಬಂದವರೂ ಇದ್ದರು, ಎಲ್ಲ ಉಂಡಿಯಲ್ ಅಂತ ಹೇಳಲಾಗದು. ಆದರೆ 203 ಅನ್ನೋ ದರವೇ ಡಾಲರನ್ನು ಬ್ಯಾಂಕಿನಿಂದ ಓಡಿಸುತ್ತಿತ್ತು.

ಅಂಗಡಿ_ಅಣ್ಣ
ಒಂದು ಅರ್ಥ ಆಗಲಿಲ್ಲ. ಉಂಡಿಯಲ್‌ನವನ ಹತ್ತಿರ ಹೋದ ಡಾಲರ್ ಸಮುದ್ರಕ್ಕೆ ಬಿತ್ತಾ? ಅವನೂ ಎಲ್ಲೋ ಖರ್ಚು ಮಾಡ್ತಾನಲ್ಲ.

ಹಳೇ_ಫಾರೆಕ್ಸ್
ಅಂಗಡಿಯವರ ತಲೆಯೇ ತಲೆ! ಸಮುದ್ರಕ್ಕೆ ಬೀಳಲಿಲ್ಲ. ಕೊಲಂಬೊದ ಒಬ್ಬ ಆಮದು ವ್ಯಾಪಾರಿ ಅಲ್ಲೇ ಉಂಡಿಯಲ್‌ನವನಿಗೆ ರೂಪಾಯಿ ಕೊಟ್ಟು, ಆ ಡಾಲರಿನಲ್ಲಿ ದುಬೈನಲ್ಲೇ ಸಾಮಾನು ಕೊಳ್ಳುತ್ತಿದ್ದ. ಅಂದರೆ ಕೊಲಂಬೊದ ಅಂಗಡಿಗೆ ಮೊಬೈಲು, ಬಿಡಿಭಾಗ ಬರ್ತಿತ್ತು. ಪೆಟ್ರೋಲ್ ತರಿಸೋ ಸರ್ಕಾರಿ ಕಂಪನಿ ಮಾತ್ರ ಬ್ಯಾಂಕಿನ ಡಾಲರ್ ನಂಬಿಕೊಂಡಿತ್ತು, ಅದಕ್ಕೆ ಸಿಗಲಿಲ್ಲ. ಟ್ಯಾಂಕರ್ ಹಡಗು ಕೊಲಂಬೊ ಹತ್ತಿರ ಲಂಗರು ಹಾಕಿ ದುಡ್ಡಿಗೆ ಕಾಯ್ತಿದ್ದದ್ದು ಅದಕ್ಕೇ.

ಕಣದ_ಕಾವಲು
ಅದೇ ಸಮಯದಲ್ಲಿ ಪೇಪರ್ ಇಲ್ಲ ಅಂತ ಶಾಲೆ ಪರೀಕ್ಷೆ ಮುಂದಕ್ಕೆ ಹಾಕಿದ್ದರಲ್ಲ? ನಮ್ಮ ಕಾಲದಲ್ಲಿ ಆಗಬಾರದಿತ್ತಾ ಅದು.

ಮಂಜಿನ_ಹುಡುಗಿ
2022ರ ಮಾರ್ಚಿನಲ್ಲಿ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ. ಅದರಿಂದಲೇ ಶುರು ಮಾಡ್ತೀನಿ, ಕ್ಲಾಸಿನಲ್ಲಿ ಎಲ್ಲರೂ ಕೇಳ್ತಾರೆ 😄

ಆದರೆ ನನ್ನ ಪ್ರಶ್ನೆ ಹಾಗೇ ಉಳೀತು. ಒಳಗೆ ಬರೋ ಡಾಲರ್ ಕಮ್ಮಿ ಆಯಿತು, ಸರಿ. ಹೊರಗೆ ಹೋಗೋದು ಯಾಕೆ ಕಮ್ಮಿ ಆಗಲಿಲ್ಲ? ಜನರಿಗೆ ಕೊರೋನಾದಲ್ಲಿ ದುಡ್ಡೇ ಇರಲಿಲ್ಲ ಅಲ್ವಾ?

ತೋಟದ_ರೈಟರ್, ಸಿದ್ದಾಪುರ
ದುಡ್ಡು ಇತ್ತು. ಅಚ್ಚು ಹಾಕಿದ್ದು. ಆದರೆ ಅಚ್ಚು ಹಾಕಿದರೆ ಬೆಲೆ ಏರುತ್ತೆ ಅಷ್ಟೇ, ಡಾಲರಿಗೂ ಅದಕ್ಕೂ ಸಂಬಂಧ ಇಲ್ಲ.

ಪೇಪರ್_ಹುಳ
ಮೊದಲ ಮಾತು ಸರಿ, ಎರಡನೇದು ತಪ್ಪು ರೈಟರೇ. ನೀವು ತೋಟದಲ್ಲಿ ಬಟವಾಡೆ ಮಾಡ್ತೀರಲ್ಲ, ಅದನ್ನೇ ತಗೊಳ್ಳಿ. ಶನಿವಾರ ಬಟವಾಡೆ ಆದರೆ ಭಾನುವಾರ ಸಿದ್ದಾಪುರ ಸಂತೆಯಲ್ಲಿ ಏನೇನು ಖರ್ಚಾಗುತ್ತೆ? ಅಕ್ಕಿ, ಮೀನು ಇಲ್ಲಿಯದು. ಮೊಬೈಲು, ಪೆಟ್ರೋಲು, ಅಡುಗೆ ಎಣ್ಣೆ ಹೊರಗಿನದು. ಅಂದರೆ ಪ್ರತಿ ಬಟವಾಡೆಯ ಒಂದು ಪಾಲು ಡಾಲರ್ ಕೇಳುತ್ತೆ.

ಶ್ರೀಲಂಕಾದಲ್ಲಿ 2019ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ವ್ಯಾಟ್ ಅನ್ನು 15ರಿಂದ 8ಕ್ಕೆ ಇಳಿಸಿತು, ಇನ್ನೂ ಹಲವು ತೆರಿಗೆ ತೆಗೆಯಿತು. ವರಮಾನ ಬಿತ್ತು. ಸಂಬಳ, ಪಿಂಚಣಿ ನಿಲ್ಲಿಸೋಕಾಗಲ್ಲ. ಆ ಗುಂಡಿಯನ್ನು ಸೆಂಟ್ರಲ್ ಬ್ಯಾಂಕ್ ತುಂಬಿತು. ಸರ್ಕಾರದ ಖಜಾನೆ ಬಿಲ್ಲುಗಳನ್ನು, ಅಂದರೆ ಕಡಿಮೆ ಅವಧಿಯ ಸಾಲಪತ್ರಗಳನ್ನು, ಹೊಸ ದುಡ್ಡು ಸೃಷ್ಟಿಸಿ ಕೊಂಡುಕೊಂಡಿತು. 2019ರ ಕೊನೆಗೆ ಅದರ ಹತ್ತಿರ ಇದ್ದ ಬಿಲ್ಲು ಸುಮಾರು 7,500 ಕೋಟಿ ರೂಪಾಯಿಯದು, ಅವರ ರೂಪಾಯಿ. 2021ರ ಕೊನೆಗೆ 1.4 ಲಕ್ಷ ಕೋಟಿ ದಾಟಿತ್ತು.

ದರ ಬಿಟ್ಟುಕೊಟ್ಟಿದ್ದರೆ ಆ ದುಡ್ಡು ಡಾಲರಿನ ಬೆಲೆ ಏರಿಸುತ್ತಿತ್ತು, ಮೊಬೈಲ್ ದುಬಾರಿಯಾಗಿ ಜನ ಕೊಳ್ಳೋದು ಬಿಡ್ತಿದ್ದರು. 203ಕ್ಕೆ ಹಿಡಿದಿದ್ದರಿಂದ ಬೆಲೆ ಏರೋ ಬದಲು ಪೆಟ್ಟಿಗೆ ಖಾಲಿಯಾಯಿತು. ಒಂದು ಕೈಯಲ್ಲಿ ರೂಪಾಯಿ ಹಂಚಿ, ಇನ್ನೊಂದು ಕೈಯಲ್ಲಿ ಅದೇ ರೂಪಾಯಿಗೆ ಅಗ್ಗದ ಡಾಲರ್ ಕೊಟ್ಟ ಹಾಗೆ.

ತೋಟದ_ರೈಟರ್
ಹ್ಞೂಂ. ಬಟವಾಡೆ ಅಂದಿದ್ದಕ್ಕೆ ಗೊತ್ತಾಯಿತು. ಆದರೆ ಅವರು ಕಾರು ಆಮದು ನಿಷೇಧಿಸಿದ್ದರಲ್ಲ?

ಹಳೇ_ಫಾರೆಕ್ಸ್
2020ರಲ್ಲೇ ನಿಷೇಧಿಸಿದರು. ಬೇರೆ ಎಷ್ಟೋ ವಸ್ತುಗಳನ್ನೂ ತಡೆದರು. ಆದರೂ 2021ರಲ್ಲಿ ಒಟ್ಟು ಆಮದು 2,000 ಕೋಟಿ ಡಾಲರ್ ದಾಟಿತು. ಕಾರಿಗೆ ಹೋಗದ ರೂಪಾಯಿ ಇನ್ನೊಂದಕ್ಕೆ ಹೋಗುತ್ತೆ. ಒಂದು ತೂತು ಮುಚ್ಚಿದರೆ ನೀರು ಇನ್ನೊಂದು ತೂತಿನಲ್ಲಿ ಬರುತ್ತೆ.

ಗೊಬ್ಬರವೂ ಇದೇ ಸಾಲಿನಲ್ಲಿ ಬರುತ್ತೆ. 2021ರ ಮೇ ತಿಂಗಳಲ್ಲಿ ಆಮದು ನಿಲ್ಲಿಸಿದ್ದಕ್ಕೆ ಆರೋಗ್ಯ, ಸಾವಯವ ಅಂತ ಹೇಳಿದರು. ಡಾಲರ್ ಉಳಿಸೋದೂ ಒಂದು ಕಾರಣ. ಆಮೇಲೆ ಭತ್ತ ಕೈಕೊಟ್ಟು ಅಕ್ಕಿಯನ್ನೇ ಡಾಲರ್ ಕೊಟ್ಟು ತರಿಸಬೇಕಾಯಿತು. ಹಾಗಾಗಿ ಗೊಬ್ಬರ ನಿಷೇಧ ಬಿಕ್ಕಟ್ಟಿನ ಬೇರು ಅಲ್ಲ. ಡಾಲರ್ ಆಗಲೇ ಖಾಲಿಯಾಗ್ತಿತ್ತು ಅನ್ನೋದರ ಲಕ್ಷಣ. ಆಮೇಲೆ ಅದೇ ರೋಗ ಹೆಚ್ಚಿಸಿತು.

ಮೆಣಸಿನ_ಬಳ್ಳಿ
ಯೂರಿಯಾ ಇಲ್ಲದೆ ಒಂದು ವರ್ಷ ತೋಟ ಮಾಡಿ ನೋಡಿ ಅಂತ ಆ ಮಂತ್ರಿಗಳಿಗೆ ಹೇಳಬೇಕಿತ್ತು. ನಮ್ಮಲ್ಲಿ ಮಳೆ ಹೊತ್ತಿಗೆ ಗೊಬ್ಬರ ಹತ್ತು ದಿನ ತಡವಾದರೇ ಎಲೆ ಹಳದಿ ಆಗುತ್ತೆ.

ರೋಬಸ್ಟಾ_67
ನನಗೊಂದು ಡೌಟು. ನಮ್ಮ ರೂಪಾಯಿ ಬಿದ್ದರೆ ಕಾಫಿ ಬೆಳೆಗಾರನಿಗೆ ಲಾಭ. ಲಂಡನ್ ಮಾರ್ಕೆಟ್ ದರ ಡಾಲರಿನಲ್ಲಿ ಇರುತ್ತೆ. 2010ರ ಸುಮಾರಿಗೆ ಡಾಲರಿಗೆ 45 ಇತ್ತು, ಈಗ 85 ದಾಟಿದೆ. ಹಾಗಾದರೆ ನಮ್ಮದೂ ಕರೆನ್ಸಿ ಬಿಕ್ಕಟ್ಟಾ?

ಪೇಪರ್_ಹುಳ
ಅಲ್ಲ. ಮೆಟ್ಟಿಲು ಇಳಿಯೋದಕ್ಕೂ ಮಹಡಿಯಿಂದ ಬೀಳೋದಕ್ಕೂ ವ್ಯತ್ಯಾಸ ಇದೆ. ನಮ್ಮದು ಹದಿನೈದು ವರ್ಷದಲ್ಲಿ ಇಳಿದದ್ದು, ಆ ಪೂರ್ತಿ ಕಾಲ ಬ್ಯಾಂಕಿಗೆ ಹೋದರೆ ಡಾಲರ್ ಸಿಗ್ತಿತ್ತು. ಶ್ರೀಲಂಕಾದಲ್ಲಿ ರೂಪಾಯಿ ಇಳಿಯೋ ಮೊದಲೇ ಡಾಲರ್ ಸಿಗೋದು ನಿಂತಿತ್ತು. ಬೋರ್ಡಿನಲ್ಲಿ 203 ಅಂತ ಇದೆ, ಆದರೆ ಆ ದರಕ್ಕೆ ಕೊಡೋರಿಲ್ಲ.

ಹಳೇ_ಫಾರೆಕ್ಸ್
ನಮಗೂ 1991ರಲ್ಲಿ ಬಂದಿತ್ತು. ಆಗ ನಾನು ಹೊಸದಾಗಿ ಸೇರಿದ್ದೆ. ರಿಸರ್ವ್ ಬ್ಯಾಂಕ್ ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಅಡವಿಟ್ಟ ಸುದ್ದಿ ಬಂದ ದಿನ ನಮ್ಮ ಮ್ಯಾನೇಜರ್ ಊಟಕ್ಕೆ ಹೋಗಲಿಲ್ಲ.

ದುಬೈ_ಕೊಡಗು
2022ರ ಮಾರ್ಚ್ 7 ನನಗೆ ನೆನಪಿದೆ. ಇನ್ನು ಡಾಲರ್ ದರವನ್ನು 230ರವರೆಗೆ ಬಿಡ್ತೀವಿ ಅಂತ ಅವರ ಸೆಂಟ್ರಲ್ ಬ್ಯಾಂಕ್ ಹೇಳಿತು. ತಿಂಗಳ ಕೊನೆಗೆ 300ರ ಹತ್ತಿರ ಹೋಗಿತ್ತು, ಮೇ ಹೊತ್ತಿಗೆ 360. ಆಗ ನನ್ನ ರೂಮಿನವರು ಮತ್ತೆ ಎಕ್ಸ್‌ಚೇಂಜಿನ ಕಡೆ ನೋಡೋಕೆ ಶುರು ಮಾಡಿದರು.

ತೋಟದ_ರೈಟರ್
ಹಾಗಾದರೆ 2021ರಲ್ಲೇ ಬಿಟ್ಟಿದ್ದರೆ ಇಷ್ಟೆಲ್ಲ ಆಗ್ತಿರಲಿಲ್ಲ ಅಂತೀರಾ?

ಹಳೇ_ಫಾರೆಕ್ಸ್
ಪೆಟ್ಟಿಗೆಯಲ್ಲಿ ಇನ್ನೂ 400 ಕೋಟಿ ಇದ್ದಾಗ ಬಿಟ್ಟು, ಜೊತೆಗೆ ಬಡ್ಡಿ ಏರಿಸಿದ್ದರೆ 240, 250ಕ್ಕೆ ನಿಲ್ಲುತ್ತಿತ್ತು ಅನ್ನೋದು ನನ್ನ ನಂಬಿಕೆ. ಹೊಸ ಗವರ್ನರ್ ಬಂದು 2022ರ ಏಪ್ರಿಲ್ 8ರಂದು ಬಡ್ಡಿಯನ್ನು ಒಂದೇ ಸಲ ಶೇಕಡಾ 7 ಅಂಶ ಏರಿಸಬೇಕಾಯಿತು. 12ಕ್ಕೆ ವಿದೇಶಿ ಸಾಲ ಕಟ್ಟೋದು ನಿಲ್ಲಿಸ್ತೀವಿ ಅಂದರು. ಅದೇ ಜನವರಿಯಲ್ಲಿ 50 ಕೋಟಿ ಡಾಲರ್ ಬಾಂಡಿಗೆ ಕಟ್ಟಿದ್ದರು! ಮೂರು ತಿಂಗಳಲ್ಲಿ ಕೈ ಎತ್ತೋದಿದ್ದರೆ ಆ 50 ಕೋಟಿ ಯಾಕೆ ಕೊಟ್ಟಿರಿ? ಅದರಲ್ಲಿ ಎಷ್ಟು ಔಷಧಿ, ಡೀಸೆಲ್ ಬರ್ತಿತ್ತು.

ಪೇಪರ್_ಹುಳ
ಇದನ್ನು ಒಪ್ಪಲ್ಲ ಸರ್. ಬಿಟ್ಟ ದಿನವೇ ಡಾಲರ್ ಸಾಲದ ಭಾರ ರೂಪಾಯಿ ಲೆಕ್ಕದಲ್ಲಿ ಏರ್ತಿತ್ತು, ಪೆಟ್ರೋಲ್ ಬೆಲೆಯೂ ಏರ್ತಿತ್ತು. ಯಾವ ಸರ್ಕಾರ ಕೊರೋನಾ ಮಧ್ಯೆ ಅದನ್ನು ಮಾಡುತ್ತೆ? ಜನವರಿ ಬಾಂಡ್ ಕಟ್ಟಿದ್ದು ಕೂಡ ಅಷ್ಟು ಪೆದ್ದುತನ ಅಲ್ಲ. ಅದುವರೆಗೆ ಒಂದು ಸಲವೂ ತಪ್ಪದ ದೇಶ ಅದು. ಪ್ರವಾಸಿಗರು ಆಗ ಮತ್ತೆ ಬರೋಕೆ ಶುರು ಮಾಡಿದ್ದರು. ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆಗುತ್ತೆ, ಎಣ್ಣೆ ಏರುತ್ತೆ ಅಂತ ಯಾರಿಗೆ ಗೊತ್ತಿತ್ತು?

ಹಳೇ_ಫಾರೆಕ್ಸ್
ಪೆಟ್ಟಿಗೆಯಲ್ಲಿ ಒಂದು ತಿಂಗಳ ಖರ್ಚೂ ಇಲ್ಲದವನು ಹವಾಮಾನ ನಂಬಿಕೊಂಡು ಕೂರಬಾರದು.

ಪೇಪರ್_ಹುಳ
ಕಾಫಿ ಹೂವಿನ ಮಳೆಗೆ ಕಾಯೋ ಜಿಲ್ಲೆಯಲ್ಲಿ ಕೂತು ಹೀಗೆ ಹೇಳ್ತೀರಲ್ಲ ಸರ್.

ಮಂಜಿನ_ಹುಡುಗಿ
ನೀವಿಬ್ಬರೂ ಜಗಳ ಮಾಡ್ತಿರಿ, ನಾನು ಬರೆದು ಮುಗಿಸಿದೆ. ಓದಿ:

"2022ರ ಮಾರ್ಚಿನಲ್ಲಿ ಶ್ರೀಲಂಕಾದ ಕೆಲವು ಶಾಲೆಗಳಲ್ಲಿ ಪರೀಕ್ಷೆ ನಿಂತಿತು. ಪೇಪರ್ ತರಿಸೋಕೆ ಡಾಲರ್ ಇರಲಿಲ್ಲ. ಆದರೆ ಅದಕ್ಕೆ ಸ್ವಲ್ಪ ಮೊದಲು ಬ್ಯಾಂಕಿನ ಬೋರ್ಡಿನಲ್ಲಿ ಡಾಲರ್ ದರ ಆರು ತಿಂಗಳಿಂದ 203ರ ಹತ್ತಿರವೇ ಇತ್ತು. ಬೆಲೆ ಏರದ ವಸ್ತು ಖಾಲಿ ಹೇಗಾಯಿತು?

ದುಬೈನಲ್ಲಿ ದುಡಿಯುವ ಒಬ್ಬರು 500 ಡಾಲರ್ ಮನೆಗೆ ಕಳಿಸಬೇಕು. ಬ್ಯಾಂಕಿನಲ್ಲಿ 1,01,500. ಹೊರಗೆ 1,22,500. ನೀವಾದರೆ ಎಲ್ಲಿಗೆ ಹೋಗ್ತೀರಿ? ಅವರೂ ಅಲ್ಲಿಗೇ ಹೋದರು. ಹೀಗೆ ಒಳಗೆ ಬರುವ ಡಾಲರ್ ಕಡಿಮೆಯಾಯಿತು.

ಅದೇ ಹೊತ್ತಿಗೆ ಸರ್ಕಾರ ತೆರಿಗೆ ಇಳಿಸಿತ್ತು. ಸಂಬಳ ಕೊಡೋಕೆ ಸೆಂಟ್ರಲ್ ಬ್ಯಾಂಕ್ ಹೊಸ ದುಡ್ಡು ಸೃಷ್ಟಿಸಿತು. ಆ ದುಡ್ಡಿನ ಒಂದು ಪಾಲು ಆಮದು ವಸ್ತುಗಳಿಗೆ ಹೋಯಿತು, 203ರ ಅಗ್ಗದ ಡಾಲರಿನಲ್ಲಿ. ಹೀಗೆ ಹೊರಗೆ ಹೋಗುವ ಡಾಲರ್ ಹೆಚ್ಚಾಯಿತು. ಹಳೆಯ ಬಾಂಡ್‌ಗಳ ಗಡುವೂ ಬಂತು, ಹೊಸ ಸಾಲ ಕೊಡುವವರಿರಲಿಲ್ಲ.

760 ಕೋಟಿ ಇದ್ದ ನಿಧಿ ಎರಡು ವರ್ಷದಲ್ಲಿ 160 ಕೋಟಿಗೆ ಬಂತು. ಮಾರ್ಚ್ 7ಕ್ಕೆ ಹಿಡಿದ ಕೈ ಬಿಟ್ಟಾಗ ಹಿಡಿದು ನಿಲ್ಲಿಸೋಕೆ ಏನೂ ಉಳಿದಿರಲಿಲ್ಲ. ಎರಡು ತಿಂಗಳಲ್ಲಿ 360."

ಗಡಿಯಾರ ಇಟ್ಟು ಓದಿದೆ. ಬೋರ್ಡಿನ ಮೇಲೆ ಲೆಕ್ಕ ಬರೆಯೋದೂ ಸೇರಿ ನಾಲ್ಕೂವರೆ ನಿಮಿಷ.

ಹಳೇ_ಫಾರೆಕ್ಸ್
ಚೆನ್ನಾಗಿದೆ. ಸ್ವಾಪ್ ಕಥೆ ಬಿಟ್ಟಿದ್ದೀಯ, ಪರವಾಗಿಲ್ಲ, ಯಾರಾದರೂ ಪ್ರಶ್ನೆ ಕೇಳಿದರೆ ಇಟ್ಟುಕೋ.

ರೋಬಸ್ಟಾ_67
ಚೀನಾ ಹೆಸರೇ ಇಲ್ಲ!

ಮಂಜಿನ_ಹುಡುಗಿ
*(ಸೋಮವಾರ ಸಂಜೆ)* ಮುಗೀತು. ಪ್ರಶ್ನೆ ಬಂದದ್ದು ಸ್ವಾಪ್ ಬಗ್ಗೆ ಅಲ್ಲ. ಹಿಂದಿನ ಬೆಂಚಿನ ಹುಡುಗ ಕೇಳಿದ: "203ಕ್ಕೆ ಡಾಲರ್ ಸಿಗ್ತಿರಲಿಲ್ಲ ಅಂತೀಯ, ನಿಧಿ ಖಾಲಿ ಆಯಿತು ಅಂತಲೂ ಅಂತೀಯ. ಹಾಗಾದರೆ 203ಕ್ಕೆ ಡಾಲರ್ ಸಿಕ್ಕಿದ್ದು ಯಾರಿಗೆ?" ನನಗೆ ಉತ್ತರ ಗೊತ್ತಿರಲಿಲ್ಲ. ಮೇಡಂ ನಕ್ಕು, ಮುಂದಿನ ವಾರ ಹೇಳು ಅಂದರು.

ಹಳೇ_ಫಾರೆಕ್ಸ್
ಆ ಹುಡುಗನನ್ನು ಬ್ಯಾಂಕ್ ಪರೀಕ್ಷೆಗೆ ಕೂರಿಸಿ. ಒಂದು ಪಾಲು ಬಾಂಡ್ ಇಟ್ಟುಕೊಂಡವರಿಗೆ, ಒಂದು ಪಾಲು ಎಣ್ಣೆ, ಕಲ್ಲಿದ್ದಲು, ಔಷಧಿಗೆ. ಉಳಿದದ್ದು ಬ್ಯಾಂಕಿನಲ್ಲಿ ಸರದಿ ನಿಂತ ಆಮದುದಾರರಿಗೆ. ಸರದಿಯಲ್ಲಿ ಯಾರು ಮುಂದೆ ನಿಲ್ಲುತ್ತಾರೆ ಅಂತ ನಾನು ಕೌಂಟರಿನ ಈಚೆ ಕೂತು ಬೇಕಾದಷ್ಟು ನೋಡಿದ್ದೀನಿ. ರಾತ್ರಿ ಬರೀತೀನಿ, ಈಗ ಕರೆಂಟ್ ಹೋಯಿತು.